ಉತ್ಪತ್ತಿಸ್ಥಾನ ಪ್ರಮಾಣಪತ್ರ ಮತ್ತು ಇನ್‌ವಾಯ್ಸ್‌ಗೆ ದೂತಾವಾಸದ ಮೊಹರು: ಇಪ್ಪತ್ತೊಂದು ದಿನಗಳ ಲೆಕ್ಕ

ರಫ್ತು ವ್ಯವಹಾರದಲ್ಲಿ ಸರಕು ಹಡಗನ್ನೇರಿದೊಡನೆ ಮಾರಾಟಗಾರನ ಕೆಲಸ ಮುಗಿಯುವುದಿಲ್ಲ. ಹಣವು ಲೆಟರ್ ಆಫ್ ಕ್ರೆಡಿಟ್ ಮೂಲಕ, ಅಂದರೆ ಎಲ್.ಸಿ. ಮೂಲಕ ಬರಬೇಕಾಗಿದ್ದಲ್ಲಿ, ಬ್ಯಾಂಕು ನೋಡುವುದು ಸರಕನ್ನಲ್ಲ, ಕಾಗದಪತ್ರಗಳನ್ನು. ಆ ಪತ್ರಗಳ ಪೈಕಿ ಸರ್ಟಿಫಿಕೇಟ್ ಆಫ್ ಆರಿಜಿನ್ ಎಂಬ ಉತ್ಪತ್ತಿಸ್ಥಾನ ಪ್ರಮಾಣಪತ್ರ ಹಾಗೂ ಕಮರ್ಷಿಯಲ್ ಇನ್‌ವಾಯ್ಸ್‌ಗಳಿಗೆ ಆಮದು ದೇಶದ ದೂತಾವಾಸದ ದೃಢೀಕರಣ ಬೇಕೆಂದು ಷರತ್ತಿದ್ದರೆ, ಕೈಗೆ ಬರಬೇಕಾದ ಹಣ ಕೆಲವೇ ದಿನಗಳ ಅಂತರದಲ್ಲಿ ತಪ್ಪಿಹೋಗಬಹುದು. ಇದು ಹೇಗೆ ಸಂಭವಿಸುತ್ತದೆ, ಹೇಗೆ ತಪ್ಪಿಸಬಹುದು ಎಂಬುದನ್ನು ಒಂದು ಕಲ್ಪಿತ ನಿದರ್ಶನದ ಮೂಲಕ ಪರಿಶೀಲಿಸಬಹುದು.

ಹಳ್ಳಿಮೈಸೂರಿನ ವರ್ತಕರೊಬ್ಬರು ಚನ್ನರಾಯಪಟ್ಟಣದ ಕಡೆಯ ತೋಟಗಳಿಂದ ತೆಂಗಿನಕಾಯಿ ಕೊಂಡು, ಅರೆ ಸುಲಿದು, ತಲಾ 25 ಕಿಲೋ ನಿವ್ವಳ ತೂಕದ 1,000 ಚೀಲಗಳಲ್ಲಿ ತುಂಬಿ, ಮಂಗಳೂರು ಬಂದರಿನಿಂದ ಕುವೈತಿಗೆ ಕಳುಹಿಸುತ್ತಾರೆಂದು ಭಾವಿಸೋಣ. ಎಲ್.ಸಿ.ಯಲ್ಲಿ, ಉತ್ಪತ್ತಿಸ್ಥಾನ ಪ್ರಮಾಣಪತ್ರ ಹಾಗೂ ಇನ್‌ವಾಯ್ಸ್‌ಗಳನ್ನು ವಾಣಿಜ್ಯ ಮಂಡಳಿಯು ದೃಢೀಕರಿಸಿ, ಭಾರತದಲ್ಲಿರುವ ಕುವೈತ್ ದೂತಾವಾಸವು ಮೊಹರು ಹಾಕಿರಬೇಕು ಎಂಬ ಷರತ್ತಿದೆ.

ಮೊಹರುಗಳ ಸರಪಳಿ

ಈ ದೃಢೀಕರಣವು ಒಂದೇ ಕಛೇರಿಯ ಕೆಲಸವಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುವ ಸರಪಳಿ. ಮೊದಲನೆಯದು ಉತ್ಪತ್ತಿಸ್ಥಾನ ಪ್ರಮಾಣಪತ್ರವನ್ನು ಪಡೆಯುವುದು. ತೆರಿಗೆ ರಿಯಾಯಿತಿಗೆ ಸಂಬಂಧಿಸದ ಸಾಮಾನ್ಯ ಪ್ರಮಾಣಪತ್ರವನ್ನು ನೀಡುವ ಅಧಿಕಾರವಿರುವುದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅನುಬಂಧ 2ಇ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಊರಿನ ವರ್ತಕರ ಸಂಘದ ಪತ್ರ ಇಲ್ಲಿ ನಡೆಯದು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಎಫ್‌ಕೆಸಿಸಿಐ ಅಂತಹ ಒಂದು ಸಂಸ್ಥೆ. ಈ ಪ್ರಮಾಣಪತ್ರದ ಅರ್ಜಿಯನ್ನು ನಿರ್ದೇಶನಾಲಯದ ಗಣಕ ಜಾಲದ ಮೂಲಕವೇ ಸಲ್ಲಿಸುವುದು 2025ರ ಜನವರಿ 1ರಿಂದ ಕಡ್ಡಾಯವಾಗಿದೆ. ಆದರೆ ದೂತಾವಾಸದ ಮೊಹರು ಬೇಕಾದಾಗ, ಮುದ್ರಿತ ಪ್ರತಿಯ ಮೇಲೆ ವಾಣಿಜ್ಯ ಮಂಡಳಿಯ ಅಧಿಕೃತ ಸಹಿ ಮತ್ತು ಮೊಹರನ್ನು ಹಾಕಿಸಿಕೊಳ್ಳುವುದು ಉಚಿತ. ಇನ್‌ವಾಯ್ಸ್‌ನ ಮೇಲೂ ರಫ್ತುದಾರರ ಶಾಯಿ ಸಹಿ ಇರಬೇಕು. ಮಂಡಳಿಯು ದೃಢೀಕರಿಸುವುದು ಅದರ ಆಧಾರದ ಮೇಲೆಯೇ.

ಎರಡನೆಯದು ವಿದೇಶಾಂಗ ಸಚಿವಾಲಯ. 2012ರ ಜುಲೈನಿಂದ ಸಚಿವಾಲಯವು ಸಾರ್ವಜನಿಕರಿಂದ ನೇರವಾಗಿ ಪತ್ರಗಳನ್ನು ಪಡೆಯುತ್ತಿಲ್ಲ. ನೇಮಿತ ಏಜೆನ್ಸಿಗಳ ಮೂಲಕ ಸಲ್ಲಿಸಬೇಕು. ಮೂರನೆಯದು ದೂತಾವಾಸ. ಕುವೈತಿನ ರಾಯಭಾರ ಕಛೇರಿ ದೆಹಲಿಯಲ್ಲಿದೆ.

ಇಲ್ಲೊಂದು ಅಂಶವನ್ನು ಗಮನಿಸಬೇಕು. ಮೇಲಿನ ಪ್ರತಿಯೊಂದು ಕಛೇರಿಯೂ ತನ್ನ ಕೆಳಗಿನ ಕಛೇರಿಯ ಸಹಿ ಮತ್ತು ಮೊಹರು ನಿಜವಾದುದೇ ಎಂಬುದನ್ನು ಮಾತ್ರ ದೃಢೀಕರಿಸುತ್ತದೆ. ಇನ್‌ವಾಯ್ಸ್‌ನ ಬೆಲೆ ಸರಿಯೇ, ತೂಕ ಸರಿಯೇ ಎಂದು ಅವು ನೋಡುವುದಿಲ್ಲ. ಆದುದರಿಂದ ಮೊದಲ ಹಾಳೆಯಲ್ಲಿ ನುಸುಳಿದ ತಪ್ಪು ಮೂರು ಮೊಹರುಗಳನ್ನು ಹೊತ್ತು ಹಾಗೆಯೇ ಬ್ಯಾಂಕಿಗೆ ತಲುಪುತ್ತದೆ.

ತಾರೀಖುಗಳ ಲೆಕ್ಕ

ಎಲ್.ಸಿ.ಗಳಿಗೆ ಅನ್ವಯಿಸುವ ಯು.ಸಿ.ಪಿ. 600 ನಿಯಮಾವಳಿಯ 14ನೇ ವಿಧಿಯಂತೆ, ಎಲ್.ಸಿ.ಯಲ್ಲಿ ಬೇರೆ ಅವಧಿ ಹೇಳದಿದ್ದರೆ, ಹಡಗಿಗೇರಿಸಿದ ದಿನದಿಂದ 21 ದಿನಗಳೊಳಗೆ ಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಬೇಕು. ಎಲ್.ಸಿ.ಯ ವಾಯಿದೆಯೂ ಮೀರಿರಬಾರದು. ಇವೆರಡು ಗಡುವುಗಳಲ್ಲಿ ಮೊದಲು ಬರುವುದೇ ನಿರ್ಣಾಯಕ.

ನಮ್ಮ ವರ್ತಕರ ಸರಕು ಫೆಬ್ರವರಿ 5ರಂದು ಹಡಗನ್ನೇರಿತು. ಗಡುವು ಫೆಬ್ರವರಿ 26. ಅವರು ವಾಡಿಕೆಯಂತೆ ಬಿಲ್ ಆಫ್ ಲೇಡಿಂಗ್ ಕೈಗೆ ಬರುವವರೆಗೂ ಕಾದರು. ಅದು ಬಂದುದು 9ರಂದು. ಅನಂತರ ವಾಣಿಜ್ಯ ಮಂಡಳಿಯ ಪ್ರಮಾಣಪತ್ರ 12ರಂದು, ಸಚಿವಾಲಯದ ಮೊಹರು 20ರಂದು ದೊರೆತವು. ಕೊರಿಯರ್ ಮೂಲಕ ಪತ್ರಗಳು ದೆಹಲಿಯ ದೂತಾವಾಸವನ್ನು ತಲುಪಿದ್ದು 24ರಂದು. ಫೆಬ್ರವರಿ 25 ಕುವೈತಿನ ರಾಷ್ಟ್ರೀಯ ದಿನ, 26 ವಿಮೋಚನಾ ದಿನ. ಎರಡೂ ದಿನ ದೂತಾವಾಸ ಮುಚ್ಚಿತ್ತು. ಮೊಹರು ದೊರೆಯುವ ಮೊದಲೇ ಗಡುವು ಮುಗಿಯಿತು. ಸರಕು ಸುಸ್ಥಿತಿಯಲ್ಲಿ ಕುವೈತಿಗೆ ತಲುಪಿದರೂ, ಪತ್ರಗಳು ತಡವಾದುವೆಂದು ಹಣ ಪಾವತಿಯನ್ನು ನಿರಾಕರಿಸುವ ಹಕ್ಕು ಬ್ಯಾಂಕಿಗೆ ದೊರೆಯಿತು. ಇನ್ನು ಖರೀದಿದಾರನು ಒಪ್ಪಿ ಕೊಟ್ಟರೆ ಮಾತ್ರ ಹಣ. ಬಂದರಿನಲ್ಲಿ ಕಾಯುತ್ತಿರುವ ತೆಂಗಿನಕಾಯಿಯಂತಹ ಸರಕಿನ ವಿಷಯದಲ್ಲಿ ಅವನು ಬೆಲೆ ಇಳಿಸಲು ಕೇಳುವುದು ಸಹಜ.

ತಪ್ಪು ನಡೆದುದು ದೆಹಲಿಯಲ್ಲಲ್ಲ, ಹಳ್ಳಿಮೈಸೂರಿನಲ್ಲಿ. ಪ್ರಮಾಣಪತ್ರದ ಮೇಲೆ ಬಿಲ್ ಆಫ್ ಲೇಡಿಂಗ್‌ನ ಸಂಖ್ಯೆ ಇರಲೇಬೇಕೆಂದು ಎಲ್.ಸಿ. ಅಥವಾ ದೂತಾವಾಸ ಕೇಳದಿದ್ದಲ್ಲಿ, ಇನ್‌ವಾಯ್ಸ್ ಸಿದ್ಧವಾದ ದಿನವೇ ಕೆಲಸ ಆರಂಭಿಸಬಹುದಿತ್ತು. ಜನವರಿ 25ರಂದು ಆರಂಭಿಸಿದ್ದರೆ ಅವರಿಗೆ ಹದಿನೈದು ದಿನಗಳು ಹೆಚ್ಚಾಗಿ ದೊರೆಯುತ್ತಿದ್ದವು.

ಪತ್ರಗಳ ಹೊಂದಾಣಿಕೆ

ಎರಡನೆಯ ಅಪಾಯ ಅಂಕಿಗಳದು. ಬ್ಯಾಂಕು ಒಂದು ಪತ್ರದ ವಿವರ ಇನ್ನೊಂದರ ವಿವರಕ್ಕೆ ವಿರುದ್ಧವಾಗಿದೆಯೇ ಎಂದು ನೋಡುತ್ತದೆ. ಇನ್‌ವಾಯ್ಸ್‌ನಲ್ಲಿ ಸರಕಿನ ವರ್ಣನೆ ಎಲ್.ಸಿ.ಯಲ್ಲಿರುವುದಕ್ಕೆ ಹೊಂದಲೇಬೇಕು. ಪ್ರಮಾಣಪತ್ರದಲ್ಲಿ ಬರಿಯ ‘ತೆಂಗಿನಕಾಯಿ’ ಎಂಬ ಸಾಮಾನ್ಯ ಹೆಸರಿದ್ದರೂ ಸಾಕು, ವಿರೋಧ ಬರದಿದ್ದರೆ. ಆದರೆ ಇನ್‌ವಾಯ್ಸ್‌ನಲ್ಲಿ ನಿವ್ವಳ ತೂಕ 25,000 ಕಿಲೋ ಎಂದಿದ್ದು, ಪ್ರಮಾಣಪತ್ರದಲ್ಲಿ ಚೀಲದ ತೂಕ ಸೇರಿಸಿದ ಅಂಕಿಯನ್ನು ನಿವ್ವಳವೆಂದೇ ಬರೆದಿದ್ದರೆ ಅದು ದೋಷವೇ ಸರಿ. ದೂತಾವಾಸದ ಮೊಹರು ಬಿದ್ದ ಮೇಲೆ ಅಂಕಿಯನ್ನು ಕೈಯಿಂದ ತಿದ್ದುವಂತಿಲ್ಲ. ಹೊಸ ಪತ್ರ ಪಡೆದು ಸರಪಳಿಯನ್ನು ಮೊದಲಿನಿಂದ ಏರಬೇಕು. ಆದುದರಿಂದ ವಾಣಿಜ್ಯ ಮಂಡಳಿಗೆ ಕೊಡುವ ಮೊದಲೇ ಕರಡು ಪ್ರತಿಗಳನ್ನು ತಮ್ಮ ಬ್ಯಾಂಕಿನ ವಿದೇಶ ವಿನಿಮಯ ವಿಭಾಗಕ್ಕೆ ತೋರಿಸುವುದು ಲೇಸು. ಖರೀದಿದಾರನ ಹೆಸರು, ಚೀಲಗಳ ಸಂಖ್ಯೆ, ತೂಕ, ಇನ್‌ವಾಯ್ಸ್ ಸಂಖ್ಯೆ ಮತ್ತು ದಿನಾಂಕ, ಈ ಐದನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಹೆಚ್ಚಿನ ದೋಷಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ.

ಅಪೊಸ್ಟಿಲ್ ಸಾಕೇ?

ಭಾರತವು 2005ರಲ್ಲಿ ಹೇಗ್ ಅಪೊಸ್ಟಿಲ್ ಒಪ್ಪಂದದ ವ್ಯಾಪ್ತಿಗೆ ಬಂದಿತು. ಒಂದೇ ಅಪೊಸ್ಟಿಲ್ ಮುದ್ರೆಯಿಂದ ದೂತಾವಾಸದ ಅಲೆದಾಟ ತಪ್ಪುವುದೆಂದು ಕೆಲವರು ತಿಳಿಯುತ್ತಾರೆ. ಆದರೆ ಆ ಒಪ್ಪಂದದ 1ನೇ ವಿಧಿಯೇ, ವಾಣಿಜ್ಯ ಹಾಗೂ ಸುಂಕದ ವ್ಯವಹಾರಗಳಿಗೆ ನೇರವಾಗಿ ಸಂಬಂಧಿಸಿದ ಆಡಳಿತ ಪತ್ರಗಳನ್ನು ಹೊರಗಿಟ್ಟಿದೆ. ಅಲ್ಲದೆ ಎಲ್.ಸಿ. ದೂತಾವಾಸದ ಮೊಹರನ್ನೇ ಕೇಳಿದ್ದರೆ, ಬ್ಯಾಂಕು ಅದನ್ನೇ ನಿರೀಕ್ಷಿಸುತ್ತದೆ.

ಇನ್ನು ಎಲ್ಲ ದೇಶಗಳ ಪದ್ಧತಿ ಒಂದೇ ಅಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2023ರ ಫೆಬ್ರವರಿ 1ರಿಂದ, 10,000 ದಿರ್ಹಮ್ ಮತ್ತು ಮೇಲ್ಪಟ್ಟ ಆಮದು ಇನ್‌ವಾಯ್ಸ್‌ಗಳಿಗೆ ಅಲ್ಲಿನ ಆಮದುದಾರನೇ ಪ್ರತಿ ಇನ್‌ವಾಯ್ಸ್‌ಗೆ 150 ದಿರ್ಹಮ್ ಕೊಟ್ಟು ಗಣಕ ಜಾಲದ ಮೂಲಕ ದೃಢೀಕರಣ ಪಡೆಯುವ ವ್ಯವಸ್ಥೆಯಿದೆ. ದುಬೈ ವ್ಯಾಪಾರದ ರೂಢಿಯನ್ನು ನಂಬಿ ಕುವೈತಿಗೆ ಸರಕು ಕಳುಹಿಸಬಾರದು.

ಒಪ್ಪಂದದ ಹಂತದಲ್ಲಿ

ನಿಜವಾದ ರಕ್ಷಣೆ ಇರುವುದು ಎಲ್.ಸಿ.ಯ ಕರಡು ಕೈಗೆ ಬಂದ ದಿನ. ದೂತಾವಾಸದ ಮೊಹರು ಆಮದುದಾರನಿಗೆ ನಿಜವಾಗಿ ಅಗತ್ಯವೇ, ವಾಣಿಜ್ಯ ಮಂಡಳಿಯ ಮೊಹರು ಸಾಲದೇ ಎಂದು ಕೇಳಬೇಕು. ಅಗತ್ಯವೆಂದರೆ ಪತ್ರ ಸಲ್ಲಿಕೆಯ ಅವಧಿಯನ್ನು 30 ದಿನಗಳೆಂದು ಬರೆಸಿ, ಎಲ್.ಸಿ.ಯ ವಾಯಿದೆಯನ್ನೂ ಅದಕ್ಕೆ ತಕ್ಕಂತೆ ಹೊಂದಿಸಬೇಕು. ಕೆಲವು ದೂತಾವಾಸಗಳ ಶುಲ್ಕ ಇನ್‌ವಾಯ್ಸ್‌ನ ಮೊತ್ತಕ್ಕೆ ತಕ್ಕಂತೆ ಏರುವುದರಿಂದ, ಅದನ್ನು ಯಾರು ಭರಿಸಬೇಕೆಂಬುದೂ ಒಪ್ಪಂದದಲ್ಲಿ ಬರಬೇಕು. ಎಲ್.ಸಿ.ಗೆ ತಿದ್ದುಪಡಿ ಬೇಕೆಂದು ಕೇಳುವುದಾದರೆ ಅದು ಸರಕು ಗೋದಾಮಿನಲ್ಲಿರುವಾಗಲೇ ಆಗಬೇಕು. ಹಡಗು ಹೊರಟ ಮೇಲೆ ಆ ಮಾತಿಗೆ ಬಲವಿರುವುದಿಲ್ಲ.