ಕಡಲಿಗೆ ಹೋದವರು ಬಾರದಿದ್ದರೆ

ಕಾಚಿಗೂಡದಲ್ಲಿ ಕೆಲಸಕ್ಕಿರುವ ತಮ್ಮನಿಗೆ ರಾತ್ರಿ ಹತ್ತಕ್ಕೆ ಮಲ್ಪೆಯಿಂದ ಅಕ್ಕನ ಫೋನು. "ಚಂಡಮಾರುತ ಅಂತ ಬಂದರಿನಲ್ಲಿ ಸಿಗ್ನಲ್ ಏರಿಸಿದ್ದಾರೆ ಮಾರಾಯ. ಕಡಲು ಬೊಬ್ಬಿಡ್ತಾ ಉಂಟು. ಭಾವನ ಬೋಟು ಇನ್ನೂ ಬರಲಿಲ್ಲ."

"ಕರಾವಳಿ ಕಾವಲು ಪಡೆಯ 1554ಕ್ಕೆ ಹೇಳಿದ್ಯಾ ಅಕ್ಕ? ಬೋಟಿನ ನೋಂದಣಿ ನಂಬರು ಗೊತ್ತುಂಟಾ?"

ನಂಬರು ಯಾರಿಗೂ ನೆನಪಿರಲಿಲ್ಲ. ಆ ಮನೆಯಲ್ಲಿ ಹುಡುಕಾಟ ತಡವಾದದ್ದು ಅದರಿಂದಲೇ.

ಇಂಥ ರಾತ್ರಿಯಲ್ಲಿ ಕಾನೂನಿನ ಮಾತು ಯಾರಿಗೂ ಬೇಡ. ಆದರೆ ಬೋಟು ಬಾರದೇ ಹೋದರೆ ಅದೇ ಮನೆಯ ಮುಂದೆ ಏಳು ವರ್ಷದ ಗೋಡೆ ನಿಲ್ಲುತ್ತದೆ. ಒಬ್ಬ ವ್ಯಕ್ತಿಯ ಸುದ್ದಿ ಸಹಜವಾಗಿ ತಿಳಿಯಬೇಕಾದವರಿಗೇ ಏಳು ವರ್ಷ ತಿಳಿಯದಿದ್ದರೆ, ಅವನು ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಮು ಹೇಳುವುದು ಇಷ್ಟೇ. ಸತ್ತ ದಿನ ಯಾವುದೆಂದು ಅದು ಹೇಳುವುದಿಲ್ಲ. ಎಲ್‌ಐಸಿ ವಿರುದ್ಧ ಅನುರಾಧಾ ಪ್ರಕರಣದಲ್ಲಿ (2004) ಹಳೆಯ ಸಾಕ್ಷ್ಯ ಕಾಯ್ದೆಯಡಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಕಾಣೆಯಾದವನ ಪಾಲಿಸಿಗೆ ಕಂತು ಕಟ್ಟುವುದು ನಿಂತಿದ್ದರಿಂದ ವಿಮೆಯ ಪೂರ್ತಿ ಹಣಕ್ಕೆ ಆ ಕುಟುಂಬಕ್ಕೆ ಹಕ್ಕಿಲ್ಲ ಎಂದಿತು. ಆದ್ದರಿಂದ ಮನೆಯವರು ಎಷ್ಟೇ ಕಂಗಾಲಾಗಿದ್ದರೂ ಕಂತು ತಪ್ಪಿಸಬಾರದು.

ಆದರೆ ಏಳು ವರ್ಷ ಕಾಯಲೇಬೇಕೆಂದಿಲ್ಲ. ಬೋಟು ಮುಳುಗಿದ್ದಕ್ಕೂ ಆ ವ್ಯಕ್ತಿ ಅದರಲ್ಲಿದ್ದದ್ದಕ್ಕೂ ಪುರಾವೆ ಇದ್ದರೆ ಸಾವನ್ನು ಮೊದಲೇ ಸಾಬೀತುಪಡಿಸಬಹುದು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅದು ಚಂಡಮಾರುತದ ಪ್ರಕರಣವಲ್ಲ. ಮುಳುಗಿದ್ದಕ್ಕೆ ಪುರಾವೆಯಾಗುವ ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ಬಳಿ ಸಮುದ್ರದಡಿಯಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. 2017ರ ಓಖಿ ಚಂಡಮಾರುತದಲ್ಲಿ ಕಾಣೆಯಾದವರ ಕುಟುಂಬಗಳಿಗೆ ಕೇರಳ, ತಮಿಳುನಾಡು ಸರ್ಕಾರಗಳು ಏಳು ವರ್ಷ ಕಾಯಿಸದೆ ಪರಿಹಾರ ಕೊಟ್ಟವು. ಆದರೆ ಅಂಥ ಪರಿಹಾರದ ಆದೇಶ ಬಂದಾಗಲೂ ಮೊದಲು ಏಳುವ ಪ್ರಶ್ನೆ ಒಂದೇ: ಇವನು ಆ ಬೋಟಿನಲ್ಲಿದ್ದನೇ?

ಉತ್ತರ ದಡದಲ್ಲೇ ಇರಬೇಕು. ಹೊರಡುವ ಮೊದಲು ಬೋಟಿನಲ್ಲಿರುವವರೆಲ್ಲರ ಹೆಸರು, ಬೋಟಿನ ನೋಂದಣಿ ನಂಬರು, ಹೊರಟ ಹೊತ್ತು ಬರೆದ ಒಂದು ಹಾಳೆ ಅವರ ಆಧಾರ್ ಪ್ರತಿಗಳೊಂದಿಗೆ ಮನೆಯಲ್ಲೂ ಮೀನುಗಾರರ ಸಂಘದಲ್ಲೂ ಉಳಿಯಲಿ. ಹೊರ ರಾಜ್ಯದಿಂದ ಬಂದ ಕಲಾಸಿಗಳ ಹೆಸರು ಇದರಲ್ಲಿ ತಪ್ಪಿಹೋಗುವುದೇ ಹೆಚ್ಚು. ಅವರ ಮನೆಯವರಿಗೆ ಬೇರೆ ಸಾಕ್ಷಿಯೇ ಇರುವುದಿಲ್ಲ. ಸಂಪರ್ಕ ತಪ್ಪಿದ ಕೂಡಲೇ ಕರಾವಳಿ ಕಾವಲು ಪೊಲೀಸ್ ಠಾಣೆಯಲ್ಲಿ ಕಾಣೆ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಕೊನೆಯ ಕರೆಯ ಸಮಯ ದೂರಿನಲ್ಲಿರಲಿ, ಆ ಮೊಬೈಲನ್ನು ಜೋಪಾನ ಮಾಡಿ.

ಭಾವನ ಬೋಟು ಕಾರವಾರದಲ್ಲಿ ಆಸರೆ ಪಡೆದಿತ್ತು. ಬೆಳಗಿನ ಜಾವ ಫೋನು ಬಂತು. ಮುಂದಿನ ಸಲ ಅವನು ಹೊರಡುವ ಮೊದಲು ಅಕ್ಕ ಹಾಳೆ ಬರೆಸಿಕೊಂಡು, ಅದರ ಫೋಟೋ ಕಾಚಿಗೂಡಕ್ಕೂ ಕಳುಹಿಸಿದಳು. ನಿಮ್ಮ ಮನೆಯಲ್ಲೂ ಅಂಥ ಹಾಳೆ ಇದೆಯೇ, ಇಂದೇ ನೋಡಿಕೊಳ್ಳಿ.