ಪೈ ನಕ್ಷೆಯ ಕೋನದಿಂದ ರೂಪಾಯಿಗೆ: ಕ್ರಿಯಾ ಯೋಜನೆಯ ಹಾಳೆಯನ್ನು ಓದುವ ಕ್ರಮ



ವಾರ್ಷಿಕ ಕ್ರಿಯಾ ಯೋಜನೆಯ ಕರಡನ್ನು ಸಭೆಯ ಮುಂದಿಡುವಾಗ ಅನುದಾನದ ಹಂಚಿಕೆಯನ್ನು ಪೈ ನಕ್ಷೆಯ ರೂಪದಲ್ಲಿ ತೋರಿಸುವುದು ಈಗ ರೂಢಿಯಲ್ಲಿದೆ. ಒಂದು ವೃತ್ತ, ಅದರೊಳಗೆ ಬಣ್ಣಬಣ್ಣದ ಹೋಳುಗಳು, ಪ್ರತಿ ಹೋಳಿನ ಮೇಲೆ ಶೇಕಡಾ ಪ್ರಮಾಣ ಅಥವಾ ಡಿಗ್ರಿ. ಯಾವುದಕ್ಕೆ ಹೆಚ್ಚು, ಯಾವುದಕ್ಕೆ ಕಡಿಮೆ ಎಂಬುದು ನೋಡಿದೊಡನೆ ತಿಳಿಯುತ್ತದೆ. ಆದರೆ ಎಷ್ಟು ರೂಪಾಯಿ ಎಂಬುದು ಹೋಳನ್ನು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಸದಸ್ಯರು ಕೈ ಎತ್ತಿ ಒಪ್ಪಿಗೆ ನೀಡುವುದು ಬಣ್ಣಕ್ಕಲ್ಲ, ಮೊತ್ತಕ್ಕೆ. ಆದ್ದರಿಂದ ಹೋಳನ್ನು ಮೊತ್ತವಾಗಿ ಪರಿವರ್ತಿಸುವ ಕ್ರಮವನ್ನು ಈ ಪಾಠದಲ್ಲಿ ಒಂದೇ ಉದಾಹರಣೆಯ ಮೂಲಕ ವಿವರಿಸಲಾಗಿದೆ.

1. ಮೊದಲು ಇಡೀ ವೃತ್ತದ ಬೆಲೆ

ಹದಿನೈದನೇ ಹಣಕಾಸು ಆಯೋಗದ 2021-22 ರಿಂದ 2025-26 ರವರೆಗಿನ ಅನುದಾನದ ಹಂಚಿಕೆಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಶೇ. 40 ಅನಿರ್ಬಂಧಿತ ಅನುದಾನ. ಸ್ಥಳೀಯ ಅಗತ್ಯಗಳಿಗೆ ಇದನ್ನು ಬಳಸಬಹುದು, ಆದರೆ ಸಂಬಳ ಮತ್ತು ಆಡಳಿತ ವೆಚ್ಚಕ್ಕೆ ಬಳಸುವಂತಿಲ್ಲ. ಉಳಿದ ಶೇ. 60 ನಿರ್ಬಂಧಿತ ಅನುದಾನ. ಇದರಲ್ಲಿ ಅರ್ಧ, ಅಂದರೆ ಒಟ್ಟು ಅನುದಾನದ ಶೇ. 30, ನೈರ್ಮಲ್ಯ ಹಾಗೂ ಬಯಲು ಬಹಿರ್ದೆಸೆ ಮುಕ್ತ ಸ್ಥಿತಿಯ ನಿರ್ವಹಣೆಗೆ ಮೀಸಲು. ಇನ್ನರ್ಧ, ಅಂದರೆ ಮತ್ತೊಂದು ಶೇ. 30, ಕುಡಿಯುವ ನೀರು, ಮಳೆ ನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ ಮೀಸಲು.

ಲೆಕ್ಕದ ಅನುಕೂಲಕ್ಕಾಗಿ ಒಂದು ಗ್ರಾಮ ಪಂಚಾಯತಿಯ ವರ್ಷದ ಹಂಚಿಕೆ ರೂ. 18,00,000 ಎಂದು ಭಾವಿಸೋಣ. ಪೂರ್ಣ ವೃತ್ತವೆಂದರೆ ಶೇ. 100, ಅದೇ ವೃತ್ತವು ಕೋನದ ಅಳತೆಯಲ್ಲಿ 360 ಡಿಗ್ರಿ. ಹೀಗಾಗಿ ಎರಡು ಚಿಕ್ಕ ಭಾಗಾಕಾರಗಳನ್ನು ಹಾಳೆಯ ಅಂಚಿನಲ್ಲಿ ಮೊದಲೇ ಬರೆದಿಟ್ಟುಕೊಳ್ಳಬೇಕು.

ಶೇ. 1 ರ ಬೆಲೆ = 18,00,000 ÷ 100 = ರೂ. 18,000
1 ಡಿಗ್ರಿಯ ಬೆಲೆ = 18,00,000 ÷ 360 = ರೂ. 5,000

ಇನ್ನು ಮುಂದೆ ಗುಣಾಕಾರ ಮಾತ್ರ ಉಳಿಯುತ್ತದೆ. ಅನಿರ್ಬಂಧಿತ ಹೋಳಿನ ಮೇಲೆ 144 ಡಿಗ್ರಿ ಎಂದಿದ್ದರೆ 144 × 5,000 = ರೂ. 7,20,000. ಅದೇ ಹೋಳಿನ ಮೇಲೆ ಶೇ. 40 ಎಂದಿದ್ದರೆ 40 × 18,000 = ರೂ. 7,20,000. ಎರಡು ದಾರಿಯಲ್ಲಿಯೂ ಒಂದೇ ಉತ್ತರ ಬಂದರೆ ಲೆಕ್ಕ ಸರಿಯಾಗಿದೆ. ನೈರ್ಮಲ್ಯ ಮತ್ತು ಕುಡಿಯುವ ನೀರಿನ ಹೋಳುಗಳು ತಲಾ 108 ಡಿಗ್ರಿ, ತಲಾ ರೂ. 5,40,000. ಮೂರನ್ನೂ ಕೂಡಿದರೆ ರೂ. 18,00,000 ಮರಳಿ ಬರುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಡಿಗ್ರಿಯನ್ನೇ ಶೇಕಡಾ ಎಂದು ಓದುವುದು. ಶೇ. 1 ಎಂದರೆ 3.6 ಡಿಗ್ರಿ. ಆದ್ದರಿಂದ 36 ಡಿಗ್ರಿಯ ಹೋಳು ಶೇ. 36 ಅಲ್ಲ, ಶೇ. 10 ಮಾತ್ರ. ಸಂಶಯ ಬಂದಲ್ಲಿ ಎಲ್ಲ ಹೋಳುಗಳ ಸಂಖ್ಯೆಗಳನ್ನು ಕೂಡಿ ನೋಡಿರಿ. ಮೊತ್ತ 100 ಬಂದರೆ ಅವು ಶೇಕಡಾ, 360 ಬಂದರೆ ಡಿಗ್ರಿ. ಕೆಲವೊಮ್ಮೆ ದಶಾಂಶಗಳನ್ನು ಪೂರ್ಣಾಂಕಕ್ಕೆ ಸರಿಹೊಂದಿಸಿದ ಕಾರಣ ಮೊತ್ತ 99 ಅಥವಾ 101 ಬರಬಹುದು. ಅದಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಒಂದು ಹೋಳು ಬಿಟ್ಟುಹೋಗಿದೆಯೇ ಅಥವಾ ತಪ್ಪಾಗಿ ಬರೆಯಲಾಗಿದೆಯೇ ಎಂದು ಪರಿಶೀಲಿಸಬೇಕು.

2. ವೃತ್ತದೊಳಗಿನ ವೃತ್ತ

ಈಗ ಕುಡಿಯುವ ನೀರಿನ ಹೋಳನ್ನು ಮಾತ್ರ ಬಿಡಿಸಿ, ಎರಡನೆಯ ವೃತ್ತವಾಗಿ ಬರೆಯಲಾಗಿದೆ ಎಂದುಕೊಳ್ಳೋಣ. ಅದರಲ್ಲಿ ಪೈಪ್‌ಲೈನ್ ದುರಸ್ತಿಗೆ 150 ಡಿಗ್ರಿ, ಮೋಟಾರ್ ಪಂಪ್ ದುರಸ್ತಿಗೆ 90 ಡಿಗ್ರಿ, ಟ್ಯಾಂಕ್ ಸ್ವಚ್ಛತೆ ಮತ್ತು ನೀರಿನ ಪರೀಕ್ಷೆಗೆ 60 ಡಿಗ್ರಿ, ಮಳೆ ನೀರು ಕೊಯ್ಲಿಗೆ 60 ಡಿಗ್ರಿ. ಈ ವೃತ್ತದ ಇಡೀ ಬೆಲೆ ರೂ. 18,00,000 ಅಲ್ಲ, ರೂ. 5,40,000. ಆದ್ದರಿಂದ ಇಲ್ಲಿ 1 ಡಿಗ್ರಿಗೆ ರೂ. 1,500 ಮಾತ್ರ. ಪೈಪ್‌ಲೈನ್‌ಗೆ ರೂ. 2,25,000, ಪಂಪ್‌ಗೆ ರೂ. 1,35,000, ಉಳಿದೆರಡಕ್ಕೆ ತಲಾ ರೂ. 90,000 ದೊರೆಯುತ್ತದೆ.

ಇಂತಹದೇ ಒಂದು ಹಾಳೆಯನ್ನು ಹಿಂದೊಮ್ಮೆ ನಾನು ಸಭೆಗೆ ಸಿದ್ಧಪಡಿಸಿದ್ದೆ. ಎರಡು ವೃತ್ತಗಳನ್ನೂ ಒಂದೇ ಗಾತ್ರದಲ್ಲಿ ಅಕ್ಕಪಕ್ಕ ಮುದ್ರಿಸಿದ್ದೆ. ಎರಡನೆಯದರ ಕೆಳಗೆ ಒಟ್ಟು ಮೊತ್ತವನ್ನು ಬರೆದಿರಲಿಲ್ಲ. ಸದಸ್ಯರೊಬ್ಬರು ಪಂಪ್‌ನ ಹೋಳು ಕಾಲು ಭಾಗವೆಂದು ಸರಿಯಾಗಿಯೇ ಗುರುತಿಸಿದರು. ಆದರೆ ಒಟ್ಟು ಅನುದಾನದ ಕಾಲು ಭಾಗವೆಂದು ಲೆಕ್ಕ ಹಾಕಿ, ತಮ್ಮ ವಾರ್ಡಿನ ಎರಡು ಕೊಳವೆ ಬಾವಿಗಳಿಗೂ ಹೊಸ ಪಂಪ್ ಬರುವುದೆಂದು ಜನರಿಗೆ ಮಾತು ಕೊಟ್ಟರು. ಮೇಲಿನ ಅಂಕಿಗಳಲ್ಲಿ ಹೇಳುವುದಾದರೆ, ಅವರು ಓದಿದ್ದು ರೂ. 4,50,000, ಇದ್ದದ್ದು ರೂ. 1,35,000. ಬೇಸಿಗೆಯಲ್ಲಿ ಜನರು ಪ್ರಶ್ನಿಸಿದ್ದು ಆ ಸದಸ್ಯರನ್ನು. ತಪ್ಪು ಮಾತ್ರ ನನ್ನ ಹಾಳೆಯದು. ಅಂದಿನಿಂದ ಪ್ರತಿ ವೃತ್ತದ ಕೆಳಗೆ “ಈ ವೃತ್ತದ ಒಟ್ಟು: ರೂ. ____” ಎಂಬ ಸಾಲನ್ನು ಬರೆಯದೆ ಹಾಳೆಯನ್ನು ಹೊರಗೆ ಕೊಡುವುದಿಲ್ಲ.

ಎರಡು ವರ್ಷಗಳ ನಕ್ಷೆಗಳನ್ನು ಹೋಲಿಸುವಾಗಲೂ ಇದೇ ಎಚ್ಚರಿಕೆ ಬೇಕು. ಹಿಂದಿನ ವರ್ಷದ ಹಂಚಿಕೆ ರೂ. 15,00,000 ಆಗಿದ್ದರೆ ಅದೇ 108 ಡಿಗ್ರಿಗೆ ದೊರೆಯುತ್ತಿದ್ದುದು ರೂ. 4,50,000. ಹೋಳು ಬದಲಾಗಿಲ್ಲ, ಹಣ ರೂ. 90,000 ದಷ್ಟು ಬದಲಾಗಿದೆ.

3. ಹೋಳಿನ ಮೇಲೆ ಅಂಕಿಯೇ ಇಲ್ಲದಿದ್ದರೆ

ಅಂಕಿಯಿಲ್ಲದ ನಕ್ಷೆಯನ್ನು ಗಡಿಯಾರದಂತೆ ಓದಬಹುದು. ಗಡಿಯಾರದ ಒಂದು ಗಂಟೆಯ ಅಂತರ 30 ಡಿಗ್ರಿ. ನಮ್ಮ ಮೊದಲ ವೃತ್ತದಲ್ಲಿ ಅದರ ಬೆಲೆ ರೂ. 1,50,000. ನೈರ್ಮಲ್ಯದ ಹೋಳು ಮೂರೂವರೆ ಗಂಟೆಗಿಂತ ತುಸು ಹೆಚ್ಚು ಜಾಗ ಹಿಡಿದಿದ್ದರೆ, ಮೊತ್ತ ರೂ. 5,25,000 ಕ್ಕಿಂತ ಸ್ವಲ್ಪ ಹೆಚ್ಚು ಎಂದು ಅಂದಾಜಿಸಬಹುದು. ಕೋನಮಾಪಕವನ್ನು ಇಟ್ಟು ಅಳೆದರೆ ಇನ್ನೂ ಹತ್ತಿರದ ಉತ್ತರ ಸಿಗುತ್ತದೆ. ಆದರೂ ಎರಡು ಡಿಗ್ರಿ ತಪ್ಪಿದರೆ ರೂ. 10,000 ತಪ್ಪುತ್ತದೆ. ಆದ್ದರಿಂದ ಅಳತೆಯಿಂದ ಬಂದ ಮೊತ್ತವು ಪ್ರಶ್ನೆ ಕೇಳಲು ಸಾಕು, ಠರಾವಿನಲ್ಲಿ ಬರೆಯಲು ಸಾಲದು. ಠರಾವಿಗೆ ನಕ್ಷೆಯ ಜೊತೆಗಿರುವ ಕೋಷ್ಟಕದ ಮೊತ್ತವನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಕೋಷ್ಟಕ ಇಲ್ಲದಿದ್ದರೆ ಅದನ್ನು ಕೇಳಿ ಪಡೆಯಬೇಕು.

ಅಭ್ಯಾಸ

ಅನಿರ್ಬಂಧಿತ ರೂ. 7,20,000 ವನ್ನು ಪ್ರತ್ಯೇಕ ವೃತ್ತವಾಗಿ ಬರೆಯಲಾಗಿದೆ.

ಅ) ಬೀದಿ ದೀಪದ ಹೋಳು 80 ಡಿಗ್ರಿ. ಮೊತ್ತವೆಷ್ಟು?
ಆ) ರಸ್ತೆ ದುರಸ್ತಿಗೆ ಶೇ. 35. ಮೊತ್ತವೆಷ್ಟು? ಕೋನವೆಷ್ಟು?
ಇ) ಇನ್ನೊಂದು ಪಂಚಾಯತಿಯ ನಕ್ಷೆಯಲ್ಲಿ 120 ಡಿಗ್ರಿಯ ಚರಂಡಿ ಹೋಳಿನ ಮೇಲೆ ರೂ. 2,00,000 ಎಂದಿದೆ. ಆ ವೃತ್ತದ ಒಟ್ಟು ಮೊತ್ತವೆಷ್ಟು?

ಉತ್ತರಗಳು: ಅ) 1 ಡಿಗ್ರಿಗೆ ರೂ. 2,000, ಆದ್ದರಿಂದ ರೂ. 1,60,000. ಆ) ರೂ. 2,52,000, 126 ಡಿಗ್ರಿ. ಇ) 120 ಡಿಗ್ರಿ ಎಂದರೆ ವೃತ್ತದ ಮೂರನೇ ಒಂದು ಭಾಗ, ಒಟ್ಟು ರೂ. 6,00,000.

ಮುಂದಿನ ಸಭೆಯ ಹಾಳೆ ಕೈಗೆ ಬಂದಾಗ, ಯಾವುದೇ ಹೋಳನ್ನು ಚರ್ಚಿಸುವ ಮುನ್ನ “ಈ ವೃತ್ತದ ಒಟ್ಟು ಎಷ್ಟು?” ಎಂದು ಕೇಳಿ, ಉತ್ತರವನ್ನು ವೃತ್ತದ ಕೆಳಗೆ ಬರೆದುಕೊಳ್ಳುವಂತೆ ಸದಸ್ಯರಲ್ಲಿ ಕೋರಲಾಗಿದೆ.