ಹಳೇ ಪುಸ್ತಕಕ್ಕೆ ಬೆಲೆ ಕಟ್ಟುವ ಬಗೆ

ಕಳೆದ ಬೇಸಿಗೆ ರಜೆಯಲ್ಲಿ ಆಪಾ ಓದಿಟ್ಟಿದ್ದ ಒಂದು ಕನ್ನಡ ಕಾದಂಬರಿಯನ್ನು ಮುಧೋಳದಿಂದಲೇ ಆನ್‌ಲೈನ್‌ನಲ್ಲಿ ಮಾರಲು ಕೂತೆ. ಹಿಂಬದಿಯಲ್ಲಿ 150 ರೂಪಾಯಿ ಎಂದಿತ್ತು. ಅರ್ಧ ಬೆಲೆ, ಅಂಚೆ ಸೇರಿ 75 ಎಂದು ಹಾಕುವವನಿದ್ದೆ. "ಅದು ಹಳೇ ಮುದ್ರಣದ ಬೆಲೆ, ಈಗಿನದು ನೋಡು" ಎಂದರು ಆಪಾ. ನೋಡಿದರೆ ಹೊಸ ಪ್ರತಿ ಅಂಚೆ ಸೇರಿ 380 ರೂಪಾಯಿ!

ಕೊಳ್ಳುವವರು ಹೋಲಿಸುವುದು ಮನೆಗೆ ಬರುವವರೆಗಿನ ಈ ಒಟ್ಟು ಮೊತ್ತವನ್ನೇ. ನಮ್ಮ ಪ್ರತಿಯ ಹೊಲಿಗೆ ಗಟ್ಟಿಯಿತ್ತು, ಹಾಳೆಯ ಅಂಚು ಮಾತ್ರ ಹಳದಿಯಾಗಿತ್ತು. ಅದನ್ನು ಫೋಟೋದಲ್ಲಿ ತೋರಿಸಿ, ಅಂಚೆ ಸೇರಿ 290 ಎಂದು ಹಾಕಿದೆ. ಎರಡು ವಾರ ಹಲವರು ನೋಡಿದರು, ಯಾರೂ ಕೊಳ್ಳಲಿಲ್ಲ. ಬೆಲೆ ಹೆಚ್ಚಾಯಿತೆಂಬುದಕ್ಕೆ ಅದೇ ಗುರುತು. 250ಕ್ಕೆ ಇಳಿಸಿದೆ, ಮೂರನೇ ದಿನ ಹೋಯಿತು. ಅಂಚೆಗೆ 60, ಪ್ಯಾಕಿಂಗ್‌ಗೆ 10 ಕಳೆದು 180 ಉಳಿಯಿತು. ಮೊದಲಿನಂತೆ 75ಕ್ಕೆ ಮಾರಿದ್ದರೆ ಉಳಿಯುತ್ತಿದ್ದುದು ಬರೀ 5 ರೂಪಾಯಿ.

ದ್ವಿತೀಯ ಪಿಯುಸಿಯ ಎನ್‌ಸಿಇಆರ್‌ಟಿ ಭೌತಶಾಸ್ತ್ರಕ್ಕೆ ಇದೇ ದಾರಿ ಹಿಡಿದರೆ ನಡೆಯದು. ಅದು ಹೊಸದೇ ಅಗ್ಗ, ಅಂಚೆ ಖರ್ಚು ಮಾತ್ರ ಕಾದಂಬರಿಯಷ್ಟೇ. ಆದ್ದರಿಂದ ಎರಡೂ ಭಾಗಗಳನ್ನು ಒಂದೇ ಪೊಟ್ಟಣದಲ್ಲಿ ಮಾರಬೇಕು. ಊರಿನ ಜೂನಿಯರ್‌ಗೆ ಕೈಯಾರೆ ಕೊಟ್ಟರೆ ಇನ್ನೂ ಒಳ್ಳೆಯದು. ಉಳಿದ ಅಂಚೆ ಖರ್ಚು ಇಬ್ಬರಿಗೂ ಲಾಭ. ಕಾದಂಬರಿಗೆ ಒಳ್ಳೆಯ ಬೆಲೆ ಬರಲೆಂದು ಕಾಯಬಹುದು. ಪಠ್ಯಪುಸ್ತಕ ಕಾಯುವುದಿಲ್ಲ: ತರಗತಿ ಶುರುವಾಗಿ ಎಲ್ಲರೂ ಕೊಂಡ ಮೇಲೆ ಕೇಳುವವರಿರುವುದಿಲ್ಲ, ಪಠ್ಯ ಬದಲಾದರೆ ಅದು ರದ್ದಿಯ ತೂಕಕ್ಕೇ ಹೋಗುತ್ತದೆ.